ಪ್ಲಾಂಟ್ ಹೆಡ್‌ಗಳನ್ನು ತಲುಪಲು ಮೂರು ದಾರಿ: ಬರೀ ರಿಕ್ವೆಸ್ಟ್, ಇನ್‌ಮೇಲ್, ಮೊದಲು ಕಾಮೆಂಟ್

ಕಾರ್ಖಾನೆಗಳ ಕಂಪ್ರೆಸ್ಡ್ ಏರ್ ಲೈನುಗಳಲ್ಲಿ ಗಾಳಿ ಎಲ್ಲೆಲ್ಲಿ ಸೋರುತ್ತಿದೆ ಎಂದು ಹುಡುಕಿ, ವರದಿ ಕೊಟ್ಟು, ದುರಸ್ತಿ ಮಾಡಿಸಿಕೊಡುವುದು ನಮ್ಮ ಸಣ್ಣ ಸಂಸ್ಥೆಯ ಕೆಲಸ. ಪೀಣ್ಯ ಮತ್ತು ಬೊಮ್ಮಸಂದ್ರದ ಕಡೆಯ ಕಾರ್ಖಾನೆಗಳೇ ಹೆಚ್ಚಾಗಿ ನಮ್ಮ ಗಿರಾಕಿಗಳು. ಈ ಕೆಲಸಕ್ಕೆ ಪರ್ಚೇಸ್ ವಿಭಾಗದ ಮೂಲಕ ಹೋದರೆ ಮಾತು ದರದ ಮೇಲೆಯೇ ನಿಲ್ಲುತ್ತದೆ. ಕರೆಂಟ್ ಬಿಲ್ಲಿಗೆ ಉತ್ತರ ಹೇಳಬೇಕಾದವರು ಪ್ಲಾಂಟ್ ಹೆಡ್ ಅಥವಾ ಮೇಂಟೆನೆನ್ಸ್ ಮುಖ್ಯಸ್ಥರಾದ್ದರಿಂದ ನಿರ್ಧಾರ ಅವರ ಕೈಯಲ್ಲಿರುತ್ತದೆ. ಅವರನ್ನು ಲಿಂಕ್ಡ್‌ಇನ್‌ನಲ್ಲಿ ತಲುಪಲು ನಾನು ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ: ಸಣ್ಣ ಟಿಪ್ಪಣಿಯೊಂದಿಗೆ ನೇರವಾಗಿ ಕನೆಕ್ಷನ್ ರಿಕ್ವೆಸ್ಟ್, ದುಡ್ಡು ಕೊಟ್ಟು ಕಳುಹಿಸುವ ಇನ್‌ಮೇಲ್, ಮತ್ತು ಕೆಲವು ವಾರ ಅವರ ಪೋಸ್ಟ್‌ಗಳಿಗೆ ಯೋಚಿಸಿ ಕಾಮೆಂಟ್ ಬರೆದು ಆಮೇಲೆ ರಿಕ್ವೆಸ್ಟ್. ಮೂರನೆಯದೇ ನನಗೆ ಒಗ್ಗಿದೆ. ಎರಡನೆಯದಕ್ಕಾಗಿ ಕೊಂಡ ಚಂದಾವನ್ನು ನಾನು ನವೀಕರಿಸಲಿಲ್ಲ.

ನೇರ ರಿಕ್ವೆಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಚಿತ ಖಾತೆಯಲ್ಲಿ ಟಿಪ್ಪಣಿಗೆ ಸಿಗುವುದು 200 ಅಕ್ಷರಗಳ ಜಾಗ, ಅದೂ ತಿಂಗಳಿಗೆ ಬೆರಳೆಣಿಕೆಯ ಟಿಪ್ಪಣಿಗಳು ಮಾತ್ರ. ನಮಸ್ಕಾರ, ಹೆಸರು, ಸಂಸ್ಥೆ ಎಂದು ಬರೆಯುವಷ್ಟರಲ್ಲಿ ಉಳಿಯುವುದು ಒಂದೇ ವಾಕ್ಯ, ಆ ವಾಕ್ಯ ಹೇಗೆ ಬರೆದರೂ ಮಾರಾಟದ ವಾಸನೆ ಹೊಡೆಯುತ್ತದೆ. ಉತ್ತರ ಬಾರದ ರಿಕ್ವೆಸ್ಟನ್ನು ಹಿಂತೆಗೆದುಕೊಂಡರೆ ಅದೇ ವ್ಯಕ್ತಿಗೆ ಮತ್ತೆ ಕಳುಹಿಸಲು ಮೂರು ವಾರದವರೆಗೆ ಕಾಯಬೇಕಾಗುತ್ತದೆ. ಮುಖ ಪರಿಚಯವಿದ್ದವರಿಗೆ ಮಾತ್ರ ಈ ದಾರಿ ಸರಿ: ತುಮಕೂರು ರಸ್ತೆಯ ಬಿಐಇಸಿಯಲ್ಲಿ ಐಎಂಟೆಕ್ಸ್ ಪ್ರದರ್ಶನ ನಡೆದಾಗ ಮಾತಾಡಿಸಿದವರಿಗೆ, ಅದೇ ವಾರ, ಯಾವ ಮಳಿಗೆಯ ಬಳಿ ಭೇಟಿಯಾದದ್ದು ಎಂದು ನೆನಪಿಸಿ ಕಳುಹಿಸಿದರೆ ಸಾಕು.

ಇನ್‌ಮೇಲ್ ಹಾಗಲ್ಲ, ಅದಕ್ಕೊಂದು ಗತ್ತು ಇದೆ. ಲಿಂಕ್ಡ್‌ಇನ್ ಮಾರಾಟಗಾರರಿಗಾಗಿ ಕೊಡುವ ಸೇಲ್ಸ್ ನ್ಯಾವಿಗೇಟರ್ ಚಂದಾದಲ್ಲಿ ತಿಂಗಳಿಗೆ 50 ಇನ್‌ಮೇಲ್ ಕ್ರೆಡಿಟ್ ಸಿಗುತ್ತವೆ, ಪರಿಚಯವೇ ಇಲ್ಲದವರಿಗೂ ವಿಸ್ತಾರವಾಗಿ ಬರೆಯಬಹುದು, 90 ದಿನದೊಳಗೆ ಅವರು ಉತ್ತರಿಸಿದರೆ, ಅದು ‘ಬೇಡ’ ಎಂಬ ಉತ್ತರವಾದರೂ, ಕ್ರೆಡಿಟ್ ವಾಪಸ್ ಬರುತ್ತದೆ. ನನಗೆ ಬಂದ ಉತ್ತರಗಳು ಸಭ್ಯವಾಗಿಯೇ ಇದ್ದವು, ಆದರೆ ಬಹುಪಾಲು ಒಂದೇ ಬಗೆಯವು: ವಿವರಗಳನ್ನು ನಮ್ಮ ಪರ್ಚೇಸ್ ವಿಭಾಗಕ್ಕೆ ಕಳುಹಿಸಿ. ಯಾವ ಬಾಗಿಲನ್ನು ತಪ್ಪಿಸಲು ದುಡ್ಡು ಕೊಟ್ಟೆನೋ ಅದೇ ಬಾಗಿಲಿಗೆ ನನ್ನನ್ನು ತಂದು ನಿಲ್ಲಿಸಿದರೆ ಪ್ರಯೋಜನವೇನು?

ಕಾಮೆಂಟಿನ ದಾರಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಪ್ರಸಂಗವನ್ನು ಪೂರ್ತಿಯಾಗಿ ಹೇಳುತ್ತೇನೆ. ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಪ್ಲಾಂಟ್ ಹೆಡ್, ಹೊಸದಾಗಿ ಕೂರಿಸಿದ ಮೂರನೆಯ ಸ್ಕ್ರೂ ಕಂಪ್ರೆಸರ್‌ನ ಚಿತ್ರ ಹಾಕಿ, ಇನ್ನು ಮುಂದೆ ಲೈನಿನಲ್ಲಿ ಪ್ರೆಶರ್ ಬೀಳುವ ತೊಂದರೆ ಇರುವುದಿಲ್ಲ ಎಂದು ಬರೆದಿದ್ದರು. ಕೆಳಗೆ ಅಭಿನಂದನೆಗಳ ಸಾಲು. ನನ್ನ ಕಸುಬಿನವರಿಗೆ ತಕ್ಷಣ ತೋಚುವ ಪ್ರಶ್ನೆ, ಕೊಳ್ಳುವ ಮೊದಲು ಸೋರಿಕೆ ನೋಡಿದ್ದೀರಾ ಎಂಬುದು. ಆದರೆ ಅವರ ಮೇಲಧಿಕಾರಿಗಳೂ ಕೈಕೆಳಗಿನವರೂ ಓದುವ ಜಾಗದಲ್ಲಿ ಹಾಗೆ ಕೇಳಿದರೆ, ಬೇಡದ ಯಂತ್ರಕ್ಕೆ ದುಡ್ಡು ಸುರಿದಿರಿ ಎಂದು ನಾಲ್ಕು ಜನರ ಮುಂದೆ ಹೇಳಿದಂತಾಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಮುಂದಿನ ಕಾಲಕ್ಕೆ ತಿರುಗಿಸಿದೆ. ಇಂಗ್ಲಿಷಿನಲ್ಲಿ ಬರೆದ ಆ ಕಾಮೆಂಟಿನ ಸಾರ ಹೀಗಿತ್ತು:

“ಮೂರು ಯಂತ್ರಗಳಿರುವುದರಿಂದ ಈಗ ಒಂದು ಅಳತೆ ಸುಲಭವಾಗುತ್ತದೆ. ಉತ್ಪಾದನೆ ಪೂರ್ತಿ ನಿಂತಿರುವ ಭಾನುವಾರ ಒಂದೇ ಕಂಪ್ರೆಸರ್ ಚಾಲೂ ಇಟ್ಟು, ಅದು ಎಷ್ಟು ಹೊತ್ತು ಲೋಡ್ ಆಗುತ್ತದೆ, ಎಷ್ಟು ಹೊತ್ತು ಅನ್‌ಲೋಡ್ ಆಗಿರುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಬಹುದು. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಎಂದಾದರೆ ಆ ಯಂತ್ರದ ಸಾಮರ್ಥ್ಯದ 25% ಸೋರಿಕೆಗೇ ಹೋಗುತ್ತಿದೆ ಎಂದರ್ಥ. ನಿಮ್ಮ ಮೂರರಲ್ಲಿ ವಿಎಫ್‌ಡಿ ಇರುವುದು ಯಾವುದಕ್ಕೆ? ಅದರಲ್ಲಿ ಈ ಲೆಕ್ಕ ಹೊಂದುವುದಿಲ್ಲ.”

ನಮ್ಮ ಸಂಸ್ಥೆಯ ಹೆಸರಾಗಲಿ ಸೇವೆಯಾಗಲಿ ಅಲ್ಲಿ ಇರಲಿಲ್ಲ. ಕೊನೆಯ ಪ್ರಶ್ನೆಗೆ ಉತ್ತರ ಅವರೊಬ್ಬರಿಗೇ ಗೊತ್ತಿರುವಂಥದ್ದು, ಅಳತೆ ಮಾಡಲು ಅವರಿಗೆ ನಾನು ಬೇಕಾಗಿಲ್ಲ, ಗಾಳಿಯ ಬೇಡಿಕೆಗೆ ತಕ್ಕಂತೆ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿಯ ಮಾತು ಬಂದದ್ದರಿಂದ ಬರೆದವನಿಗೆ ವಿಷಯ ಗೊತ್ತಿದೆ ಎಂಬುದೂ ತಿಳಿಯುತ್ತದೆ. ಅವರು ಅದೇ ಸಂಜೆ ಉತ್ತರಿಸಿದರು: ಹೊಸದಕ್ಕೆ ಮಾತ್ರ ವಿಎಫ್‌ಡಿ, ಭಾನುವಾರ ಹಳೆಯದರಲ್ಲಿ ನೋಡಿಸುತ್ತೇನೆ. ಆಮೇಲೆ ಅವರ ಅಪ್ರೆಂಟಿಸ್ ತರಬೇತಿಯ ಪೋಸ್ಟಿಗೆ ಇನ್ನೊಂದು ಕಾಮೆಂಟ್ ಬರೆದೆ. ಮನೆಯ ಸಮಾರಂಭದ ಚಿತ್ರಗಳ ಕೆಳಗೆ ಏನನ್ನೂ ಬರೆಯಲಿಲ್ಲ. ವ್ಯವಹಾರದ ಪರಿಚಯ ಬೇಕಾದವನು ಅಂಥ ಕಡೆ ತಲೆಹಾಕಬಾರದೆಂಬುದು ನನ್ನ ಅಭಿಪ್ರಾಯ.

ಆ ಭಾನುವಾರ ಕಳೆದ ಮೇಲೆ ರಿಕ್ವೆಸ್ಟ್ ಕಳುಹಿಸಿದೆ. ಟಿಪ್ಪಣಿಯಲ್ಲಿ ಬರೆದದ್ದು ಇಷ್ಟೇ: “ಸಾರ್, ಲೋಡ್-ಅನ್‌ಲೋಡ್ ಅಳತೆಯ ಬಗ್ಗೆ ನಿಮ್ಮ ಪೋಸ್ಟಿನ ಕೆಳಗೆ ಮಾತಾಡಿದ್ದೆವು. ರೀಡಿಂಗ್ ತೆಗೆಸಿದ್ದರೆ ತಿಳಿಯುವ ಕುತೂಹಲವಿದೆ.” ಹಿಂದಿನ ಮಾತುಕತೆ ಇದ್ದಾಗ 200 ಅಕ್ಷರ ಧಾರಾಳವಾಗುತ್ತದೆ. ಅವರು ಒಪ್ಪಿಕೊಂಡು ರೀಡಿಂಗ್ ಕಳುಹಿಸಿದರು, ಸೋರಿಕೆ ದೊಡ್ಡದಾಗಿಯೇ ಇತ್ತು, ಕಾರ್ಖಾನೆಗೆ ಬಂದು ನೋಡಿ ಎಂದು ಕರೆದವರು ಅವರೇ. ಪರ್ಚೇಸ್ ವಿಭಾಗ ಆಮೇಲೆ ಬಂತು, ಆದರೆ ಆಗ ಅದರ ಕೈಯಲ್ಲಿದ್ದದ್ದು ಪ್ಲಾಂಟ್ ಹೆಡ್ ಬರೆದ ಇಂಡೆಂಟ್.

ಇಷ್ಟು ಚೆಂದದ ದಾರಿಗೆ ತಲೆನೋವೂ ಒಂದಿದೆ, ಅದು ಸಣ್ಣದಲ್ಲ: ನಿರ್ಧಾರ ಮಾಡುವವರಲ್ಲಿ ಹೆಚ್ಚಿನವರು ಪೋಸ್ಟ್ ಹಾಕುವುದೇ ಇಲ್ಲ. ದಿನ ಬಿಟ್ಟು ದಿನ ಬರೆಯುವವರು ಎಚ್‌ಆರ್‌ನವರು, ಮಾರ್ಕೆಟಿಂಗ್‌ನವರು, ತರಬೇತಿ ಕೊಡುವವರು. ಸಿಕ್ಕಿದ ಪೋಸ್ಟಿಗೆಲ್ಲ ಕಾಮೆಂಟ್ ಬರೆಯುತ್ತ ಹೋದರೆ ಪರಿಚಯ ಬೆಳೆಯುವುದು ಬರೆಯುವವರ ಜೊತೆ, ಕೊಳ್ಳುವವರ ಜೊತೆಯಲ್ಲ. ಪ್ಲಾಂಟ್ ಹೆಡ್ ಹೆಸರಿನ ಖಾತೆಯಲ್ಲಿ ಪೋಸ್ಟ್‌ಗಳಿದ್ದರೂ ಕೆಲವೊಮ್ಮೆ ಅವನ್ನು ಬರೆಯುವವರು ಸಂಸ್ಥೆಯ ಪ್ರಚಾರ ವಿಭಾಗದವರು. ಪ್ರತಿ ಕಾಮೆಂಟಿಗೂ ಒಂದೇ ಅಚ್ಚಿನ ಧನ್ಯವಾದ ಬರುತ್ತಿದ್ದರೆ, ಪ್ರಶ್ನೆ ಕೇಳಿದವರಿಗೂ ಬರೀ ಧನ್ಯವಾದವೇ ಸಿಕ್ಕಿದ್ದರೆ, ಅಲ್ಲಿ ಕಾಯುವುದು ವ್ಯರ್ಥ.

ಸ್ವತಃ ಪೋಸ್ಟ್ ಹಾಕದವರು ಕೂಡ ಅಪರೂಪಕ್ಕೆ ಇನ್ನೊಬ್ಬರ ಪೋಸ್ಟಿನ ಕೆಳಗೆ ಎರಡು ಮಾತು ಬರೆಯುವುದುಂಟು. ಅವರ ಪ್ರೊಫೈಲಿನ Activity ಭಾಗಕ್ಕೆ ಹೋಗಿ Comments ಒತ್ತಿದರೆ ಅವು ಕಾಣುತ್ತವೆ. ನನ್ನ ಕ್ಷೇತ್ರದಲ್ಲಿ ಅವರು ಮಾತಾಡುವುದು ಸಾಮಾನ್ಯವಾಗಿ ಹಳೆಯ ಸಹೋದ್ಯೋಗಿಯ ಪೋಸ್ಟಿನಲ್ಲಿ, ಇಲ್ಲವೇ ಯಂತ್ರ ತಯಾರಕರ ಅಥವಾ ಉದ್ಯಮ ಸಂಘದ ಪುಟದಲ್ಲಿ. ನಾನೂ ಅಲ್ಲಿಗೆ ಹೋಗುತ್ತೇನೆ, ಆದರೆ ಮೊದಲು ಪೋಸ್ಟ್ ಹಾಕಿದವರಿಗೆ ಹೇಳಬೇಕಾದದ್ದನ್ನು ಹೇಳಿ, ಆಮೇಲೆ ಅವರ ಮಾತಿಗೆ ಪ್ರತ್ಯುತ್ತರ ಬರೆಯುತ್ತೇನೆ. ನೇರವಾಗಿ ಅವರ ಮಾತಿನ ಕೆಳಗಷ್ಟೇ ಬಂದು ನಿಂತರೆ ಬೆನ್ನು ಹತ್ತಿದಂತೆ ಕಾಣುತ್ತದೆ. ವಾರಕ್ಕಿಂತ ಹಳೆಯ ಕಾಮೆಂಟಿಗೆ ಪ್ರತ್ಯುತ್ತರ ಬರೆಯುವುದಿಲ್ಲ: ತಿಂಗಳುಗಳ ಹಿಂದೆ ಆಡಿದ ಮಾತಿಗೆ ಅಪರಿಚಿತನೊಬ್ಬ ಉತ್ತರಿಸಿದನೆಂಬ ಸೂಚನೆ ಫೋನಿಗೆ ಬಂದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ.

ಈ ಒಂದು ವಾರದ ಗಡುವೇ ಮತ್ತೊಂದು ಕಾಟಕ್ಕೆ ಕಾರಣ. ಫಾಲೋ ಮಾಡಿದ ಮಾತ್ರಕ್ಕೆ ಅವರ ಪೋಸ್ಟ್ ನಮ್ಮ ಫೀಡಿನಲ್ಲಿ ಸಮಯಕ್ಕೆ ಸರಿಯಾಗಿ ಬರುವುದಿಲ್ಲ. ಎಷ್ಟೋ ಸಲ ಮಾತುಕತೆ ಮುಗಿದು ತಣ್ಣಗಾದ ಮೇಲೆ ಕಾಣಿಸುತ್ತದೆ. ಪ್ರೊಫೈಲಿನಲ್ಲಿರುವ ಗಂಟೆಯ ಗುರುತನ್ನು ಒತ್ತಿ All ಆರಿಸಿಕೊಂಡರೆ ಪ್ರತಿ ಪೋಸ್ಟಿಗೂ ಸೂಚನೆ ಬರುತ್ತದೆ ನಿಜ, ಆದರೆ ಇನ್ನೊಬ್ಬರ ಪೋಸ್ಟಿನಲ್ಲಿ ಅವರು ಬರೆದ ಕಾಮೆಂಟಿಗೆ ಅದು ಅನ್ವಯಿಸುವುದಿಲ್ಲ, ಪಟ್ಟಿ ಬೆಳೆದಂತೆ ಸೂಚನೆಗಳ ರಾಶಿಯಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ಕೊನೆಗೆ ನಾನು ಹಿಡಿದದ್ದು ಸ್ಪ್ರೆಡ್‌ಶೀಟ್: ಪ್ರೊಫೈಲಿನ ಲಿಂಕ್, ಕೊನೆಯ ಬಾರಿ ನೋಡಿದ ದಿನ, ಏನು ಬರೆದೆ, ಅವರು ಉತ್ತರಿಸಿದರೇ ಎಂಬ ನಾಲ್ಕು ಕಾಲಮ್‌ಗಳು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಒಂದೊಂದೇ ಲಿಂಕ್ ತೆರೆದು ನೋಡುತ್ತೇನೆ. ಬೇಸರದ ಕೆಲಸ, ಇದನ್ನು ಮರೆಮಾಚಿ ಹೇಳುವುದರಲ್ಲಿ ಅರ್ಥವಿಲ್ಲ. ಪೋಸ್ಟೂ ಇಲ್ಲ, ಕಾಮೆಂಟೂ ಇಲ್ಲ ಎಂದಾದರೆ ಆ ಹೆಸರನ್ನು ಪಟ್ಟಿಯಿಂದ ತೆಗೆದು, ಪರಿಚಿತರ ಮೂಲಕ ಫೋನ್ ಮಾಡಿಸುವ ದಾರಿ ಹುಡುಕುತ್ತೇನೆ.

ರಿಕ್ವೆಸ್ಟ್ ಕಳುಹಿಸುವ ಹೊತ್ತಿನ ಬಗ್ಗೆ ಒಂದು ಮಾತು: ಅವರು ಕಾಮೆಂಟಿಗೆ ಬರೀ ಲೈಕ್ ಒತ್ತಿದರೆ ನಾನು ಕಳುಹಿಸುವುದಿಲ್ಲ, ಮಾತಿನಲ್ಲಿ ಉತ್ತರಿಸಿದರೆ ಮಾತ್ರ ಕಳುಹಿಸುತ್ತೇನೆ. ಮೊಬೈಲಿನ ಹುಡುಕಾಟದ ಪಟ್ಟಿಯಿಂದಲೇ Connect ಒತ್ತಿದರೆ ಟಿಪ್ಪಣಿ ಇಲ್ಲದೆ ರಿಕ್ವೆಸ್ಟ್ ಹೊರಟುಹೋಗುವುದರಿಂದ, ಪ್ರೊಫೈಲ್ ತೆರೆದೇ ಕಳುಹಿಸಬೇಕು. ಕೆಲವರಲ್ಲಿ ಆ ಗುಂಡಿ More ಒಳಗೆ ಅಡಗಿರುತ್ತದೆ. ಪರಸ್ಪರ ಕಾಮೆಂಟ್ ಹಾಕಿಕೊಳ್ಳುವ ವಾಟ್ಸ್ಆ್ಯಪ್ ಗುಂಪುಗಳಿಗೆ ಸೇರುವ ಅಗತ್ಯವಿಲ್ಲ, ಅಲ್ಲಿ ಪ್ಲಾಂಟ್ ಹೆಡ್ ಯಾರೂ ಇರುವುದಿಲ್ಲ. ನಮ್ಮ ಪ್ರತಿಸ್ಪರ್ಧಿಗಳೂ ಈ ಕಾಮೆಂಟ್‌ಗಳನ್ನು ಓದುತ್ತಾರೆ, ಅದಕ್ಕೆ ಮದ್ದಿಲ್ಲ.

ಒಬ್ಬರನ್ನು ಈ ರೀತಿ ಪರಿಚಯ ಮಾಡಿಕೊಳ್ಳಲು ಎರಡು ಮೂರು ವಾರವಾದರೂ ಹಿಡಿಯುತ್ತದೆ. ನಮ್ಮದು ಇಬ್ಬರ ಸಂಸ್ಥೆ. ಒಮ್ಮೆಗೆ ಹತ್ತು ಕಾರ್ಖಾನೆ ಕರೆದರೂ ಹೋಗಿ ಅಳೆಯುವ ಶಕ್ತಿ ನಮಗಿಲ್ಲವಾದ್ದರಿಂದ ನಿಧಾನ ನಮಗೆ ತೊಂದರೆಯಲ್ಲ. ತ್ರೈಮಾಸಿಕ ಗುರಿ ತಲೆಯ ಮೇಲಿರುವ ದೊಡ್ಡ ಸೇಲ್ಸ್ ತಂಡಕ್ಕೆ, ಅಥವಾ ಟೆಂಡರ್ ಮುಚ್ಚುವ ದಿನ ಹತ್ತಿರವಾಗಿರುವವರಿಗೆ ನಾನು ಇನ್‌ಮೇಲನ್ನೇ ಹೇಳುತ್ತೇನೆ. ಸೇಲ್ಸ್ ನ್ಯಾವಿಗೇಟರ್ ಬಿಟ್ಟ ಮೇಲೆ ನನಗೆ ಕೊರತೆಯೆನಿಸಿದ್ದು ಕಳೆದ 30 ದಿನಗಳಲ್ಲಿ ಪೋಸ್ಟ್ ಹಾಕಿದವರನ್ನಷ್ಟೇ ಸೋಸಿ ತೋರಿಸುವ ಅದರ ಫಿಲ್ಟರ್ ಒಂದೇ. ಏಪ್ರಿಲ್‌ನಿಂದ ಶುರುವಾಗುವ ಮೇಂಟೆನೆನ್ಸ್ ಬಜೆಟ್ ಕಾರ್ಖಾನೆಗಳಲ್ಲಿ ಚರ್ಚೆಗೆ ಬರುವ ಮೊದಲು, ಜನವರಿಯಲ್ಲಿ ಒಂದೇ ತಿಂಗಳ ಮಟ್ಟಿಗೆ ಚಂದಾ ಕಟ್ಟಿ, ಆ ಫಿಲ್ಟರಿನಿಂದ ಸ್ಪ್ರೆಡ್‌ಶೀಟ್ ತುಂಬಿಸಿಕೊಂಡು, ಇನ್‌ಮೇಲ್ ಕ್ರೆಡಿಟ್‌ಗಳನ್ನು ಮುಟ್ಟದೆ ಬಿಡಬೇಕೆಂದಿದ್ದೇನೆ.