ಅಡತಿ ಅಂಗಡಿಯ ಸಾಫ್ಟ್‌ವೇರ್‌ಗೆ ಸುಳ್ಳು ರೈತರು: ಮೂರು ದಾರಿ ಮಾಡಿ ನೋಡಿದೆ

ರಾಯಚೂರಿನ ಹತ್ತಿ ಅಡತಿ ಅಂಗಡಿಗಳಿಗೆ ಪಟ್ಟಿ ಬರೆಯುವ ಸಾಫ್ಟ್‌ವೇರ್ ನಮ್ಮದು. ಪರೀಕ್ಷೆಗೆ ರೈತರ ಡೇಟಾ ಬೇಕು, ಆದರೆ ನಿಜವಾದ ರೈತರ ಹೆಸರು, ಫೋನು ನಮ್ಮ ಲ್ಯಾಪ್‌ಟಾಪ್‌ಗೆ ಬರಬಾರದು.

ಮೊದಲು ಅಂಗಡಿಯ ಡೇಟಾಬೇಸ್‌ನ ನಕಲಿಗೆ ಮುಸುಕು ಹಾಕಿದೆವು. ಹೆಸರು ಬದಲಿಸಿ, ಮೊಬೈಲ್ ನಂಬರನ್ನು SHA-256 ಹ್ಯಾಶ್ ಮಾಡಿದೆವು. ಇದು ಹುಸಿ ಧೈರ್ಯ. 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ ಅಷ್ಟೇ. ಎಲ್ಲವನ್ನೂ ಹ್ಯಾಶ್ ಮಾಡಿ ಹೊಂದಿಸಿ ನೋಡುವುದು ಸಾಧಾರಣ ಲ್ಯಾಪ್‌ಟಾಪ್‌ಗೆ ಕೆಲವು ಗಂಟೆಗಳ ಕೆಲಸ. ಗುಟ್ಟಿನ ಕೀ ಸೇರಿಸಿ HMAC ಮಾಡಿದರೆ ಈ ತೂತು ಮುಚ್ಚುತ್ತದೆ. ಆದರೂ ಊರು, ತಾರೀಖು, ತೂಕ ಹಾಗೇ ಉಳಿದಿದ್ದವು. ಸಣ್ಣ ಊರಲ್ಲಿ ಒಂದೇ ದಿನ 180 ಕ್ವಿಂಟಲ್ ಹತ್ತಿ ತಂದವರು ಯಾರೆಂದು ಅಂಗಡಿಯ ಗುಮಾಸ್ತನಿಗೆ ಹೆಸರಿಲ್ಲದೆಯೂ ಗೊತ್ತು.

ಆಮೇಲೆ ಸುಳ್ಳು ಡೇಟಾ ಹುಟ್ಟಿಸುವ ಪೈಥಾನ್ ಲೈಬ್ರರಿ Faker, `en_IN` ಲೊಕೇಲ್. ಅರ್ಧ ದಿನದಲ್ಲಿ ಸಾವಿರಾರು ರೈತರು ತಯಾರು, ಯಾರ ಗುಟ್ಟೂ ಇಲ್ಲ. ಆದರೆ ಎಲ್ಲರೂ ಇಂಗ್ಲಿಷ್ ಅಕ್ಷರದ ಹೆಸರಿನವರು, ಯಾರಿಗೂ ತಂದೆಯಿಲ್ಲ! ನಮ್ಮ ಕಡೆ ಪಟ್ಟಿಯಲ್ಲಿ ಬರೆಯುವುದು ‘ಮಲ್ಲಿಕಾರ್ಜುನ ತಂದೆ ಬಸವರಾಜಪ್ಪ’ ಎಂದು. ‘ಮಲ್ಲಿಕಾರ್ಜುನ’ ಓದುವುದಕ್ಕೆ ಐದಕ್ಷರ, ಯೂನಿಕೋಡ್‌ನಲ್ಲಿ ಹನ್ನೆರಡು; ಒತ್ತು, ಕಾಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಪೂರ್ತಿ ಹೆಸರು 27. ನಾವು ಇಟ್ಟಿದ್ದ ಕಾಲಂ `varchar(25)`. Faker ಡೇಟಾದಲ್ಲಿ ಎಲ್ಲ ಪಾಸ್, ಅಂಗಡಿಯಲ್ಲಿ ಮೊದಲ ದಿನವೇ ಎಡವಟ್ಟು.

ಇನ್ನೊಂದು ಫಜೀತಿ: ಸುಳ್ಳು ನಂಬರುಗಳೆಂದು ಎಸ್ಸೆಮ್ಮೆಸ್ ಚಾಲೂ ಇಟ್ಟಿದ್ದೆ. ಯಾರೋ ಫೋನ್ ಮಾಡಿ, “ರೀ, ನಾನು ಹತ್ತಿನೇ ಹಾಕಿಲ್ಲ, ರೊಕ್ಕ ಜಮಾ ಅಂತ ಬಂದೈತಲ್ರೀ” ಅಂದರು. ಸುಮ್ಮನೆ ಹುಟ್ಟಿಸಿದ ನಂಬರೂ ಯಾರದೋ ಆಗಿರುತ್ತದೆ. ಅಂದಿನಿಂದ ಪರೀಕ್ಷೆಯ ಎಲ್ಲ ಸಂದೇಶ ನನ್ನ ಫೋನಿಗೇ.

ಈಗ ಬಳಸುತ್ತಿರುವುದು ನಾವೇ ಬರೆದ ಜನರೇಟರ್. ಅಂಗಡಿಯಿಂದ ಸಾಲುಗಳನ್ನು ತರುವುದಿಲ್ಲ. ಶೇಕಡಾ ಎಷ್ಟು ಮಂದಿಗೆ ಮುಂಗಡ ಬಾಕಿ, ಯಾವ ತಿಂಗಳು ಎಷ್ಟು ಲೋಡ್ ಎಂಬ ಎಣಿಕೆ ಮಾತ್ರ ಅಲ್ಲೇ ಮಾಡಿ ತರುತ್ತೇವೆ. ಹೆಸರುಗಳ ಪಟ್ಟಿ ನಮ್ಮದು, ಹೆಚ್ಚು ಬಳಕೆಯ ಹೆಸರಿಗೆ ಹೆಚ್ಚು ತೂಕ ಕೊಟ್ಟು ಆರಿಸುತ್ತೇವೆ:

```python
random.seed(584101)
random.choices(hesaru, weights=tooka, k=5000)
```

ಹೀಗಾಗಿ ಒಂದೇ ಊರಲ್ಲಿ ನಾಲ್ಕು ‘ಹನುಮಂತ ತಂದೆ ಯಲ್ಲಪ್ಪ’ ಬರುತ್ತಾರೆ. ಒಬ್ಬನ ಮುಂಗಡ ಇನ್ನೊಬ್ಬನ ಪಟ್ಟಿಯಲ್ಲಿ ಕಡಿತವಾಗುತ್ತಿದ್ದ ದೋಷ ಸಿಕ್ಕಿದ್ದು ಇವರಿಂದಲೇ. ಸೀಡ್ ಒಂದೇ ಇರುವುದರಿಂದ ಅದೇ ನಾಲ್ವರು ನಾಳೆಯೂ ಬರುತ್ತಾರೆ, ದೋಷ ಸರಿಯಾಯಿತೇ ಎಂದು ನೋಡಬಹುದು.

ಇದಕ್ಕೆ ಹಿಡಿದದ್ದು ಎರಡು ವಾರ, ನಮಗೆ ತೋಚದ್ದು ಇದರಲ್ಲಿ ಹುಟ್ಟುವುದೂ ಇಲ್ಲ. ಕಳೆದ ತಿಂಗಳು ಗುಮಾಸ್ತನೊಬ್ಬ ಗುರುತಿಗೆಂದು ಹೆಸರಿನ ಕಾಲಂನಲ್ಲಿ ‘ಯಲ್ಲಪ್ಪ (ಕೆಂಪು ಟ್ರ್ಯಾಕ್ಟರ್’ ಎಂದು ಕಂಸ ಮುಚ್ಚದೆ ಬರೆದ, ನಮ್ಮ ಹುಡುಕಾಟ ಕೆಟ್ಟಿತು. ಈಗ ನಮ್ಮ ಸುಳ್ಳು ರೈತರಲ್ಲಿ ನೂರಕ್ಕೊಬ್ಬನಿಗೆ ಹೆಸರಿನ ಮುಂದೆ ಟ್ರ್ಯಾಕ್ಟರ್ ಇದೆ.