ಒಂದೇ ರಕ್ತ, ಎರಡು ಚೀಲ: ಸಿಪಿಡಿಎ-1 ಮತ್ತು ಸ್ಯಾಗ್‌ಎಂ ದ್ರಾವಣಗಳಲ್ಲಿ ಕೆಂಪುಕಣಗಳು ಹಳತಾಗುವ ಬಗೆ

ರಕ್ತನಿಧಿಯ ಶೈತ್ಯಪೆಟ್ಟಿಗೆಯಲ್ಲಿ ಕೆಂಪುಕಣಗಳ ಚೀಲಗಳ ಮೇಲೆ ಎರಡು ಬಗೆಯ ಅವಧಿ ಕಾಣುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆದು ಕಣಗಳನ್ನು ಕಾಪಿಡುವ ಸಿಪಿಡಿಎ-1 ದ್ರಾವಣ ಇರುವ ಚೀಲಕ್ಕೆ 35 ದಿನ, ಪ್ಲಾಸ್ಮಾ ತೆಗೆದ ಮೇಲೆ ಕಣಗಳನ್ನು ಕಾಪಿಡಲು ಬೆರೆಸುವ ಸ್ಯಾಗ್‌ಎಂ ಸೇರಿಸಿದ ಚೀಲಕ್ಕೆ 42 ದಿನ. ಎರಡರಲ್ಲೂ ಕಣಗಳು ನಿಧಾನವಾಗಿ ಕೆಡುತ್ತವೆ. ಈ ಒಟ್ಟು ಹಾನಿಗೆ ನಮ್ಮ ವಿಭಾಗದಲ್ಲಿ ಸ್ಟೋರೇಜ್ ಲೀಶನ್ ಎನ್ನುತ್ತೇವೆ. ಎರಡು ಚೀಲಗಳ ಗುಣಮಟ್ಟ ಪರೀಕ್ಷೆಯ ಅಂಕಿಗಳನ್ನು ವರ್ಷಗಟ್ಟಲೆ ಬರೆದಿಡುತ್ತ ಬಂದ ನನಗೆ ಒಂದು ಕೊರತೆ ಕಾಡುತ್ತಲೇ ಇತ್ತು. ಆ ಅಂಕಿಗಳು ಬೇರೆ ಬೇರೆ ದಾನಿಗಳವು, ಮತ್ತು ಕಣಗಳು ಎಷ್ಟು ಬೇಗ ಒಡೆಯುತ್ತವೆ ಎಂಬುದು ದಾನಿಯಿಂದ ದಾನಿಗೆ ಬಹಳ ವ್ಯತ್ಯಾಸವಾಗುತ್ತದೆ. ಹಾಗಾಗಿ ಎರಡು ದ್ರಾವಣಗಳನ್ನು ಹೋಲಿಸುತ್ತಿದ್ದೇನೆ ಎಂದುಕೊಂಡು ನಾನು ಇಬ್ಬರು ಮನುಷ್ಯರನ್ನು ಹೋಲಿಸುತ್ತಿದ್ದಿರಬಹುದು.

ಆದ್ದರಿಂದ ಮೇಲಧಿಕಾರಿಗಳ ಒಪ್ಪಿಗೆ ಪಡೆದು ನನ್ನದೇ ರಕ್ತವನ್ನು, ರೋಗಿಗಳಿಗೆ ಹೋಗುವ ಸಂಗ್ರಹದಿಂದ ಹೊರಗಿಟ್ಟು, ನಾಲ್ಕು ತಿಂಗಳ ಅಂತರದಲ್ಲಿ ಎರಡು ಬಾರಿ ತೆಗೆಸಿದೆ. ಮೊದಲ ಬಾರಿ 450 ಮಿ.ಲೀ. ರಕ್ತವನ್ನು 63 ಮಿ.ಲೀ. ಸಿಪಿಡಿಎ-1 ಇರುವ ಚೀಲಕ್ಕೆ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಕಣಗಳನ್ನು ಅಲ್ಲಿಯೇ ಉಳಿಸಿದೆವು. ಎರಡನೆಯ ಬಾರಿ ಹೆಪ್ಪುಗಟ್ಟುವುದನ್ನು ತಡೆಯುವ ಸಿಪಿಡಿ ದ್ರಾವಣದ ಚೀಲಕ್ಕೆ ತೆಗೆದು, ಪ್ಲಾಸ್ಮಾವನ್ನು ಹೆಚ್ಚು ಕಡಿಮೆ ಪೂರ್ತಿ ಹಿಂಡಿ, ಅದರ ಜಾಗಕ್ಕೆ 100 ಮಿ.ಲೀ. ಸ್ಯಾಗ್‌ಎಂ ಹರಿಸಿದೆವು. ಎರಡನ್ನೂ ಬಿಳಿಕಣಗಳ ಫಿಲ್ಟರ್ ಇಲ್ಲದೆ, ಒಂದೇ ಪೆಟ್ಟಿಗೆಯ ಒಂದೇ ತಟ್ಟೆಯಲ್ಲಿ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟೆ. ಸಿಪಿಡಿಎ-1 ಚೀಲದಲ್ಲಿ ಸುಮಾರು 250 ಮಿ.ಲೀ. ಇದ್ದು, ಅದರ ಹೆಮಟೋಕ್ರಿಟ್, ಅಂದರೆ ಒಟ್ಟು ಗಾತ್ರದಲ್ಲಿ ಕಣಗಳ ಪಾಲು, ಶೇ. 72 ಆಗಿತ್ತು. ಸ್ಯಾಗ್‌ಎಂ ಚೀಲದಲ್ಲಿ ಸುಮಾರು 300 ಮಿ.ಲೀ., ಹೆಮಟೋಕ್ರಿಟ್ ಶೇ. 57. ಈ ಎರಡು ಅಂಕಿಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಅರ್ಧದಷ್ಟು ಮಾತು ಇವುಗಳ ಮೇಲೆಯೇ ನಿಂತಿದೆ.

ಮೊದಲು ಪೊಟ್ಯಾಸಿಯಂ. ಕೆಂಪುಕಣದೊಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಕಡಿಮೆ. ಈ ವ್ಯತ್ಯಾಸವನ್ನು ಕಾಯುವುದು ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು. ನಾಲ್ಕು ಡಿಗ್ರಿ ಚಳಿಯಲ್ಲಿ ಆ ಪಂಪು ಬಹುಮಟ್ಟಿಗೆ ನಿಂತುಬಿಡುತ್ತದೆ, ಸೋರಿಕೆ ಮಾತ್ರ ನಿಲ್ಲುವುದಿಲ್ಲ. ಪ್ರತಿ ವಾರ ಚೀಲವನ್ನು ಮೆಲ್ಲನೆ ಮಗುಚಿ ಬೆರೆಸಿ, ಗಾಳಿ ಸೋಕದಂತೆ ಕೊಳವೆಗೆ ಕೊಳವೆ ಬೆಸೆಯುವ ಯಂತ್ರದಿಂದ ಒಂದಿಷ್ಟು ಮಾದರಿ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ತೆಳುಗೊಳಿಸಿ ಫ್ಲೇಮ್ ಫೋಟೋಮೀಟರ್‌ನಲ್ಲಿ ಅಳೆದೆ. ತೆಳುಗೊಳಿಸದಿದ್ದರೆ ಯಂತ್ರದ ಅಳತೆಯ ಮಿತಿ ಮೀರಿಹೋಗುತ್ತದೆ. 35ನೆಯ ದಿನ ಸಿಪಿಡಿಎ-1ರ ತಿಳಿಯಲ್ಲಿ ಲೀಟರಿಗೆ 72 ಮಿಲಿಮೋಲ್, ಸ್ಯಾಗ್‌ಎಂನಲ್ಲಿ 44 ಮಿಲಿಮೋಲ್ ಸಿಕ್ಕಿತು. ಆರೋಗ್ಯವಂತರ ಪ್ಲಾಸ್ಮಾದಲ್ಲಿ ಇದು ನಾಲ್ಕರ ಆಸುಪಾಸಿನಲ್ಲಿ ಇರುತ್ತದೆ. ಇಷ್ಟನ್ನು ಮಾತ್ರ ನೋಡಿದರೆ ಸ್ಯಾಗ್‌ಎಂ ಗೆದ್ದಿತು ಎಂದು ಯಾರಾದರೂ ಬರೆದುಬಿಡುತ್ತಾರೆ. ನಾನೂ ಮೊದಲ ದಿನ ಪುಸ್ತಕದಲ್ಲಿ ಹಾಗೆಯೇ ಗುರುತು ಹಾಕಿದ್ದೆ.

ಆದರೆ ರೋಗಿಯ ಮೈಗೆ ಸೇರುವುದು ಲೀಟರಿನ ಲೆಕ್ಕವಲ್ಲ, ಚೀಲದ ಲೆಕ್ಕ. ಸಿಪಿಡಿಎ-1 ಚೀಲದ 250 ಮಿ.ಲೀ.ಯಲ್ಲಿ ಶೇ. 72 ಕಣಗಳಾದರೆ ಉಳಿದ ದ್ರವ 70 ಮಿ.ಲೀ. ಮಾತ್ರ, ಅದರಲ್ಲಿನ ಪೊಟ್ಯಾಸಿಯಂ ಸುಮಾರು 5 ಮಿಲಿಮೋಲ್. ಸ್ಯಾಗ್‌ಎಂ ಚೀಲದಲ್ಲಿ ದ್ರವ 129 ಮಿ.ಲೀ.; ಅದರಲ್ಲಿನ ಪೊಟ್ಯಾಸಿಯಂ ಸುಮಾರು 5.7 ಮಿಲಿಮೋಲ್. ಕಣಗಳು ಹೊರಹಾಕಿದ್ದು ಎರಡು ಕಡೆಯಲ್ಲೂ ಹೆಚ್ಚು ಕಡಿಮೆ ಒಂದೇ ಪ್ರಮಾಣ. ಒಂದು ಕಡೆ ಅದು ಚಿಕ್ಕ ಕೊಳದಲ್ಲಿ ನಿಂತಿದೆ, ಇನ್ನೊಂದು ಕಡೆ ದೊಡ್ಡ ಕೊಳದಲ್ಲಿ ಹರಡಿದೆ, ಅಷ್ಟೇ. ಮೂರು ಕಿಲೋ ತೂಕದ ಶಿಶುವಿಗೆ ಕಿಲೋಗೆ 15 ಮಿ.ಲೀ.ಯಂತೆ 45 ಮಿ.ಲೀ. ಕೊಟ್ಟರೆ ಈ ಎರಡು ಚೀಲಗಳಲ್ಲಿ ಯಾವುದರಿಂದ ಕೊಟ್ಟರೂ ಮಗುವಿಗೆ ತಲುಪುವ ಪೊಟ್ಯಾಸಿಯಂ ಸುಮಾರು 0.9 ಮಿಲಿಮೋಲ್. ಮೂರು ನಾಲ್ಕು ಗಂಟೆಗಳಲ್ಲಿ ನಿಧಾನವಾಗಿ ಹರಿಸುವಾಗ ಮೂತ್ರಪಿಂಡ ಸರಿಯಿರುವ ಮಗುವಿನ ದೇಹ ಇದನ್ನು ಸಂಭಾಳಿಸಿಕೊಳ್ಳುತ್ತದೆ. ಅಪಾಯ ಇರುವುದು ವೇಗದಲ್ಲಿ: ಹಳೆಯ ಚೀಲವನ್ನು ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ನಿಮಿಷಗಳಲ್ಲಿ ತಳ್ಳಿದಾಗ. ಆಗ ಸಾಂದ್ರತೆಯೂ ಲೆಕ್ಕಕ್ಕೆ ಬರುತ್ತದೆ, ಮೊತ್ತವೂ ಬರುತ್ತದೆ.

ಎರಡನೆಯ ಅಳತೆ ಹೀಮಾಲಿಸಿಸ್, ಎಂದರೆ ಒಡೆದ ಕಣಗಳ ಪಾಲು. ಇಲ್ಲಿ ನಾನು ಮೂರನೆಯ ವಾರದಲ್ಲಿ ಒಂದು ತಪ್ಪು ಮಾಡಿದೆ. ಪ್ರತಿ ಸಲ ಚೀಲಕ್ಕೆ ಕೊಳವೆ ಬೆಸೆಯುವುದೇಕೆ ಎಂದು, ಚೀಲಕ್ಕೆ ಅಂಟಿಕೊಂಡ ಸೀಲ್ ಮಾಡಿದ ಟ್ಯೂಬ್ ತುಂಡಿನ ರಕ್ತವನ್ನೇ ಪರೀಕ್ಷೆಗೆ ತೆಗೆದುಕೊಂಡೆ. ಸಿಪಿಡಿಎ-1ರ ತುಂಡಿನಲ್ಲಿ ಒಡೆತ ಶೇ. 1.1 ಬಂತು, ಅಮೆರಿಕದ ಮಿತಿ ಶೇ. 1, ಯೂರೋಪಿನದು ಶೇ. 0.8, ಆದ್ದರಿಂದ ಚೀಲ ಕೆಟ್ಟೇಹೋಯಿತು ಎಂದು ಗಾಬರಿಯಾಯಿತು. ಮರುದಿನ ಚೀಲದಿಂದಲೇ ತೆಗೆದು ನೋಡಿದರೆ ಶೇ. 0.3. ಟ್ಯೂಬಿನ ತುಂಡಿನೊಳಗೆ ಕಣಗಳಿಗೆ ದ್ರಾವಣ ಸರಿಯಾಗಿ ಸಿಕ್ಕಿರುವುದಿಲ್ಲ, ಹಿಂಡುವಾಗ ಮತ್ತು ಸೀಲ್ ಮಾಡುವಾಗ ಪೆಟ್ಟೂ ಬಿದ್ದಿರುತ್ತದೆ. ತುಂಡಿನ ಬಣ್ಣ ನೋಡಿ ಚೀಲದ ಗತಿ ನಿರ್ಧರಿಸುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕೆಂದು ಕಳಕಳಿಯಿಂದ ಹೇಳುತ್ತೇನೆ.

ಆಯಾ ಚೀಲದ ಕೊನೆಯ ದಿನಗಳಲ್ಲಿ ಸೆಂಟ್ರಿಫ್ಯೂಜ್ ಮಾಡಿದ ನಂತರ ಅದರ ನಳಿಗೆಯನ್ನು ಬೆಳಕಿಗೆ ಹಿಡಿದಾಗ ಸಿಪಿಡಿಎ-1ರ ತಿಳಿ ದಾಳಿಂಬೆ ರಸದಂತೆ ಕೆಂಪಾಗಿತ್ತು, ಸ್ಯಾಗ್‌ಎಂನದು ನಸುಗುಲಾಬಿ. 35ನೆಯ ದಿನ ಮೊದಲನೆಯದರಲ್ಲಿ ಡೆಸಿಲೀಟರಿಗೆ 0.50 ಗ್ರಾಂ ಹಿಮೋಗ್ಲೋಬಿನ್, ಎರಡನೆಯದರಲ್ಲಿ 0.15 ಗ್ರಾಂ. ಮೂರು ಪಟ್ಟಿಗಿಂತ ಹೆಚ್ಚಿನ ಅಂತರ. ಆದರೆ ಇಲ್ಲಿಯೂ ಕೊಳದ ಗಾತ್ರವನ್ನು ಮರೆಯುವಂತಿಲ್ಲ. ನೂರರಿಂದ ಹೆಮಟೋಕ್ರಿಟ್ ಕಳೆದು, ತಿಳಿಯ ಹಿಮೋಗ್ಲೋಬಿನ್‌ನಿಂದ ಗುಣಿಸಿ, ಚೀಲದ ಒಟ್ಟು ಹಿಮೋಗ್ಲೋಬಿನ್‌ನಿಂದ ಭಾಗಿಸಬೇಕು. ಸಿಪಿಡಿಎ-1ಕ್ಕೆ 28ನ್ನು 0.50ರಿಂದ ಗುಣಿಸಿ 24ರಿಂದ ಭಾಗಿಸಿದರೆ ಶೇ. 0.58, ಸ್ಯಾಗ್‌ಎಂಗೆ 43ನ್ನು 0.15ರಿಂದ ಗುಣಿಸಿ 19ರಿಂದ ಭಾಗಿಸಿದರೆ ಶೇ. 0.34. ಅಂತರ ಕುಗ್ಗಿತು, ಆದರೆ ಅಳಿಸಿಹೋಗಲಿಲ್ಲ. 42ನೆಯ ದಿನವೂ ಸ್ಯಾಗ್‌ಎಂ ಚೀಲ ಶೇ. 0.43ರಲ್ಲೇ ನಿಂತಿತು. ಇದು ಸ್ಯಾಗ್‌ಎಂನಲ್ಲಿರುವ ಮ್ಯಾನಿಟಾಲ್‌ನ ಕೆಲಸ ಎಂದು ನಾನು ಒಪ್ಪುತ್ತೇನೆ. 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಹೋಗ್‌ಮನ್ ಮತ್ತು ಸಂಗಡಿಗರು ಉಪ್ಪು, ಅಡೆನಿನ್, ಗ್ಲೂಕೋಸ್ ಮಾತ್ರ ಇರುವ ದ್ರಾವಣವನ್ನು ರೂಪಿಸಿದರು. ಕಣಗಳು ಒಡೆಯುವುದನ್ನು ತಗ್ಗಿಸಲೆಂದು ಮ್ಯಾನಿಟಾಲ್ ಅನಂತರ ಸೇರಿತು.

ಮೂರನೆಯ ಅಳತೆಯಲ್ಲಿ ಹೋಲಿಸಲು ಏನೂ ಉಳಿಯಲಿಲ್ಲ. ಹಿಮೋಗ್ಲೋಬಿನ್ ಹಿಡಿದ ಆಮ್ಲಜನಕವನ್ನು ಅಂಗಾಂಶಕ್ಕೆ ಬಿಟ್ಟುಕೊಡಲು 2,3-ಡಿಪಿಜಿ ಎಂಬ ಫಾಸ್ಫೇಟ್ ಬೇಕು. ಅದನ್ನು ನೇರವಾಗಿ ಅಳೆಯುವ ಬದಲು ಪಿ50 ನೋಡಿದೆ. ಹಿಮೋಗ್ಲೋಬಿನ್ ಅರ್ಧ ತುಂಬಿರುವಾಗಿನ ಆಮ್ಲಜನಕದ ಒತ್ತಡ ಅದು. ಮೊದಲ ದಿನ 27 ಮಿ.ಮೀ. ಪಾದರಸ ಇದ್ದದ್ದು ಎರಡನೆಯ ವಾರದ ಕೊನೆಗೆ ಒಂದರಲ್ಲಿ 19, ಇನ್ನೊಂದರಲ್ಲಿ 18. ಕೆಂಪುಕಣಕ್ಕೆ ಮೈಟೊಕಾಂಡ್ರಿಯ ಇಲ್ಲ. ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮುರಿದೇ ಅದು ಬದುಕಬೇಕು, ಮತ್ತು ಮುಚ್ಚಿದ ಚೀಲದಲ್ಲಿ ಆ ಆಮ್ಲಕ್ಕೆ ಹೋಗಲು ದಾರಿಯಿಲ್ಲ. ಆಮ್ಲೀಯತೆ ಏರಿದಂತೆ ಡಿಪಿಜಿ ತಯಾರಿಸುವ ಕಿಣ್ವ ಮಂದವಾಗುತ್ತದೆ, ಮುರಿಯುವ ಕಿಣ್ವ ಚುರುಕಾಗುತ್ತದೆ. ಎರಡೂ ದ್ರಾವಣಗಳಲ್ಲಿರುವ ಅಡೆನಿನ್ ಕಣಕ್ಕೆ ಶಕ್ತಿ ಕೊಡುವ ಎಟಿಪಿಯನ್ನು ಹೆಚ್ಚು ದಿನ ಉಳಿಸುತ್ತದೆಯೇ ಹೊರತು ಡಿಪಿಜಿಯನ್ನಲ್ಲ. ಹಾಗಾಗಿ ಸ್ಯಾಗ್‌ಎಂ ಕೊಡುವ ಹೆಚ್ಚುವರಿ ಏಳು ದಿನಗಳಿಗೂ ಆಮ್ಲಜನಕ ಬಿಟ್ಟುಕೊಡುವ ಶಕ್ತಿಗೂ ಸಂಬಂಧವಿಲ್ಲ. ರೋಗಿಯ ಮೈಯಲ್ಲಿ ಹರಿಯಲು ಆರಂಭಿಸಿದ ಮೇಲೆ ಒಂದು ದಿನದೊಳಗೆ ಡಿಪಿಜಿ ಬಹುಪಾಲು ಮರಳಿ ತುಂಬಿಕೊಳ್ಳುತ್ತದೆ.

ಮರಳುವುದು ಯಾವುದು, ಮರಳದ್ದು ಯಾವುದು ಎಂಬುದನ್ನು ಕಣ್ಣಾರೆ ಕಂಡದ್ದು ಸೂಕ್ಷ್ಮದರ್ಶಕದಲ್ಲಿ. ಗಾಜಿನ ತಟ್ಟೆಯೇ ಕಣಗಳಿಗೆ ಮುಳ್ಳು ಬರಿಸುವುದರಿಂದ ಕಣಗಳನ್ನು ಮೊದಲು ಗ್ಲುಟರಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿದೆ. ಐದನೆಯ ವಾರದ ಹೊತ್ತಿಗೆ ನಡುವೆ ತಗ್ಗಿರುವ ಬಿಲ್ಲೆಗಳು ಎರಡೂ ಚೀಲಗಳಲ್ಲಿ ಅಲ್ಪಸಂಖ್ಯಾತವಾಗಿದ್ದವು. ಹೆಚ್ಚಿನವುಗಳ ಮೈತುಂಬ ಮುಳ್ಳು, ಕೆಲವು ಮುಳ್ಳನ್ನೂ ಕಳೆದುಕೊಂಡು ದಪ್ಪನೆಯ ಗುಂಡುಗಳಾಗಿದ್ದವು. ಅದೇ ಬೆಳಿಗ್ಗೆ ನನ್ನ ತೋಳಿನಿಂದ ತೆಗೆದ ಹೊಸ ಪ್ಲಾಸ್ಮಾದಲ್ಲಿ ನನ್ನವೇ ಆದ ಆ ಹಳೆಯ ಕಣಗಳನ್ನು 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ, ಅನಂತರ ಸ್ಥಿರಗೊಳಿಸಿ ನೋಡಿದೆ. ಮುಳ್ಳಿನ ಕಣಗಳಲ್ಲಿ ಬಹಳಷ್ಟು ನಯವಾಗಿ ಮತ್ತೆ ಬಿಲ್ಲೆಯಾಗಿದ್ದವು. ಗುಂಡಾದವು ಗುಂಡಾಗಿಯೇ ಉಳಿದವು. ಮುಳ್ಳಿನ ತುದಿಯಿಂದ ಪೊರೆಯ ಚೂರುಗಳು ಸಣ್ಣ ಗುಳ್ಳೆಗಳಾಗಿ ಕಳಚಿಹೋಗಿರುತ್ತವೆ. ಕಳೆದುಕೊಂಡ ಪೊರೆಯನ್ನು ಮರಳಿ ಕಟ್ಟುವ ಸಾಧನ ಕೆಂಪುಕಣದಲ್ಲಿ ಇಲ್ಲ. ಒಳಗಿನ ದ್ರವಕ್ಕೆ ಪೊರೆ ಸಾಲದಾದಾಗ ಕಣ ಬಿಗಿಯಾಗುತ್ತದೆ, ಗುಲ್ಮದ ಸಂದುಗಳಲ್ಲಿ ಮಡಚಿ ನುಸುಳಲಾರದೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಗುಂಡುಗಳ ಎಣಿಕೆ ನೂರಕ್ಕೆ ಸಿಪಿಡಿಎ-1ರಲ್ಲಿ ತುಸು ಹೆಚ್ಚಿತ್ತು, ಆದರೆ ಒಂದೊಂದೇ ಚೀಲದ ಎಣಿಕೆಯ ಮೇಲೆ ನಾನು ಭಾರ ಹಾಕಲಾರೆ.

35 ಮತ್ತು 42 ಎಂಬ ಗಡಿಗಳು ಹುಟ್ಟಿದ್ದು ಈ ಸಿಕ್ಕಿಬೀಳುವಿಕೆಯಿಂದಲೇ. ಆರೋಗ್ಯವಂತ ಸ್ವಯಂಸೇವಕರ ಕಣಗಳನ್ನು ಅವಧಿಯ ಕೊನೆಯವರೆಗೆ ಇಟ್ಟು, ಕ್ರೋಮಿಯಂ-51 ಎಂಬ ವಿಕಿರಣಶೀಲ ಗುರುತು ಹಚ್ಚಿ, ಅವರಿಗೇ ಮರಳಿ ಕೊಟ್ಟಾಗ 24 ಗಂಟೆಗಳ ನಂತರ ಸರಾಸರಿ ಶೇ. 75ರಷ್ಟಾದರೂ ಕಣಗಳು ರಕ್ತದಲ್ಲಿ ಉಳಿದಿರಬೇಕು. ನನ್ನ ಮೇಜಿನ ಮೇಲಿನ ಯಾವ ಅಳತೆಯೂ ಈ ಪರೀಕ್ಷೆಯ ಜಾಗವನ್ನು ತುಂಬುವುದಿಲ್ಲ. ಎಟಿಪಿ ಕೂಡ ಉಳಿಯುವಿಕೆಯನ್ನು ಸಡಿಲವಾಗಿ ಮಾತ್ರ ಸೂಚಿಸುತ್ತದೆ. ಹಾಗೆಂದು ಗಡಿಯ ಹತ್ತಿರದ ರಕ್ತ ಕೀಳು ಎಂದು ಹೊಸದಕ್ಕೆ ಹಟ ಹಿಡಿಯುವುದನ್ನೂ ನಾನು ಒಪ್ಪುವುದಿಲ್ಲ: 2015ರ ಏಬಲ್, 2016ರ ಇನ್‌ಫಾರ್ಮ್ ಪ್ರಯೋಗಗಳಲ್ಲಿ ಹೊಸ ರಕ್ತ ಪಡೆದವರಿಗೂ ವಾಡಿಕೆಯ ಹಳೆಯ ರಕ್ತ ಪಡೆದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎರಡರಲ್ಲಿ ಒಂದನ್ನು ಆರಿಸು ಎಂದರೆ ವಯಸ್ಕರಿಗೆ ನಾನು ಸ್ಯಾಗ್‌ಎಂ ಚೀಲವನ್ನೇ ಕೊಡುತ್ತೇನೆ. ಒಡೆತ ಕಡಿಮೆ, ದ್ರವ ಹೆಚ್ಚಿರುವುದರಿಂದ ಸೂಜಿಯಲ್ಲಿ ಸರಾಗವಾಗಿ ಹರಿಯುತ್ತದೆ, ಒಂದು ವಾರ ಹೆಚ್ಚು ಸಿಗುತ್ತದೆ. ದ್ರವದ ಹೊರೆ ತಾಳಲಾರದ ರೋಗಿಗೆ ದಟ್ಟವಾದ ಸಿಪಿಡಿಎ-1 ಚೀಲ ಅನುಕೂಲ, ಆದರೆ ಅದರ ಹೆಮಟೋಕ್ರಿಟ್ ಶೇ. 80 ಮೀರಬಾರದು; ಮೀರಿದರೆ 35 ದಿನ ತುಂಬುವ ಮೊದಲೇ ಕಣಗಳಿಗೆ ಗ್ಲೂಕೋಸ್ ಸಾಲದಾಗುತ್ತದೆ. ಶಿಶುವಿಗೆ ದೊಡ್ಡ ಪ್ರಮಾಣದಲ್ಲಿ, ಬೇಗನೆ ಕೊಡಬೇಕಾದಾಗ ದ್ರಾವಣದ ಹೆಸರಿಗಿಂತ ಚೀಲದ ವಯಸ್ಸನ್ನು ಮೊದಲು ನೋಡುತ್ತೇನೆ. ವಿಕಿರಣಕ್ಕೆ ಒಡ್ಡಿದ ಚೀಲವಾದರೆ ಒಡ್ಡಿದ ದಿನವನ್ನೂ ನೋಡುತ್ತೇನೆ, ಏಕೆಂದರೆ ಅಲ್ಲಿಂದಾಚೆ ಪೊಟ್ಯಾಸಿಯಂ ಇನ್ನೂ ಬೇಗ ಸೋರುತ್ತದೆ. ಹೊಸ ಚೀಲ ಸಿಗದಿದ್ದರೆ ಕಣಗಳನ್ನು ಸಲೈನ್‌ನಲ್ಲಿ ತೊಳೆದು ಕೊಡಬಹುದು. ತೊಳೆಯಲು ಚೀಲ ತೆರೆಯಬೇಕಾಗುವುದರಿಂದ ಆ ಕಣಗಳಿಗೆ ಉಳಿಯುವ ಅವಧಿ 24 ಗಂಟೆ, ಮತ್ತು ಆ ಗಂಟೆಗಳಲ್ಲೂ ಸೋರಿಕೆ ನಡೆದೇ ಇರುವುದರಿಂದ ತೊಳೆದ ಕೂಡಲೇ ಕೊಡುವುದು ಒಳ್ಳೆಯದು.