ಅಳಿಸಿದ ಪುಟ ಪಿಡಿಎಫ್‌ನೊಳಗೇ ಉಳಿದಿತ್ತು: ಕರಾರು ಪತ್ರ ಕಳುಹಿಸುವ ಮುನ್ನ ಗಮನಿಸಿ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಮಹಡಿಯನ್ನು ಕಳೆದ ತಿಂಗಳು ಬಾಡಿಗೆಗೆ ಕೊಟ್ಟೆವು. ಎರಡು ಪುಟಗಳ ಕರಾರು ಪತ್ರದ ಪಿಡಿಎಫ್ 92 ಕೆಬಿ ಇತ್ತು. ಮುಂಗಡ ಹಣ ಜಮಾ ಮಾಡಬೇಕಾದ ಖಾತೆಯನ್ನು ತೋರಿಸಲು ತಾಯಿಯವರ ಪಾಸ್‌ಬುಕ್ಕಿನ ಒಂದು ಪುಟವನ್ನು ಸ್ಕ್ಯಾನ್ ಮಾಡಿ ಅದರಲ್ಲೇ ಸೇರಿಸಿದೆ. ಫೈಲು 1,010 ಕೆಬಿ ಆಯಿತು. ಅದರಲ್ಲಿ ಪಿಂಚಣಿ ಜಮೆಯೂ ಉಳಿಕೆ ಮೊತ್ತವೂ ಕಾಣುತ್ತಿದ್ದುದರಿಂದ ಮನಸ್ಸು ಬದಲಾಯಿಸಿ, ಆ ಪುಟವನ್ನು ಅಳಿಸಿ, ಸೇವ್ ಮಾಡಿ, ಬಾಡಿಗೆದಾರರಿಗೂ ಮಧ್ಯವರ್ತಿಗೂ ಕಳುಹಿಸಿದೆ. ಆಗ ಫೈಲಿನ ಗಾತ್ರ 1,014 ಕೆಬಿ. ಪುಟ ಹೋದ ಮೇಲೂ ಗಾತ್ರ ಏಕೆ ಹೆಚ್ಚಿತೆಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು.

ಕೇಳಿಕೊಂಡವನು ಬಾಡಿಗೆಗೆ ಬಂದ ಹುಡುಗ. "ಕಾಕಾ, ಎರಡ ಪೇಜಿಗೆ ಇಷ್ಟ ದೊಡ್ಡ ಫೈಲ್ ಯಾಕಂತ ನೋಡಿದೆ. ನಿಮ್ಮ ಅವ್ವಾರ ಪಾಸ್‌ಬುಕ್ ಇದರೊಳಗ ಹಂಗ ಐತ್ರಿ" ಎಂದು ನಮ್ಮ ಮುಂದೆಯೇ ಅದನ್ನು ತೆರೆದು ತೋರಿಸಿದ.

ಅನೇಕ ತಂತ್ರಾಂಶಗಳು ಸೇವ್ ಒತ್ತಿದಾಗ ಇಡೀ ಫೈಲನ್ನು ಹೊಸದಾಗಿ ಬರೆಯುವುದಿಲ್ಲ. ಹಳೆಯದನ್ನು ಒಂದಕ್ಷರವೂ ಮುಟ್ಟದೆ, ಬದಲಾದ ಭಾಗವನ್ನು ಮಾತ್ರ ಕೊನೆಗೆ ಅಂಟಿಸುತ್ತವೆ. ಯಾವ ವಸ್ತು ಎಲ್ಲಿದೆ ಎಂದು ಹೇಳುವ ಹೊಸ ಪಟ್ಟಿಯೊಂದು ಅದರ ಜೊತೆಗೆ ಸೇರಿ, ಕಟ್ಟಕಡೆಗೆ `%%EOF` ಎಂಬ ಗುರುತು ಬೀಳುತ್ತದೆ. ಪಿಡಿಎಫ್ ತೆರೆಯುವ ತಂತ್ರಾಂಶ ಈ ಕೊನೆಯ ಪಟ್ಟಿಯಿಂದಲೇ ಓದಲು ಆರಂಭಿಸುತ್ತದೆ. ನನ್ನ ಫೈಲಿನಲ್ಲಿ ಹೆಚ್ಚಿದ 4 ಕೆಬಿ ಎಂದರೆ "ಈಗ ಇರುವುದು ಎರಡೇ ಪುಟ" ಎಂಬ ಹೊಸ ವಿವರ ಮಾತ್ರ. ಪಾಸ್‌ಬುಕ್ಕಿನ ಚಿತ್ರ ತನ್ನ ಜಾಗದಲ್ಲೇ ಇತ್ತು. ಹಿಂದಿನ `%%EOF` ಆದ ಮೇಲಿನ ಭಾಗವನ್ನು ಆ ಹುಡುಗ ಕತ್ತರಿಸಿ ಹಾಕಿದ, ಮೂರು ಪುಟಗಳ ಹಳೆಯ ಕರಾರು ಇದ್ದ ಹಾಗೆಯೇ ತೆರೆದುಕೊಂಡಿತು. ಇದಕ್ಕೆ ಗುಪ್ತಪದವೂ ಬೇಕಿಲ್ಲ, ವಿಶೇಷ ಉಪಕರಣವೂ ಬೇಕಿಲ್ಲ.

ನಿಮ್ಮ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಏನನ್ನೂ ಉಳಿಸದೆ, `%%EOF` ಎಂದು ಹುಡುಕಿರಿ. ಅದು ಹಲವು ಬಾರಿ ಸಿಕ್ಕರೆ ಹಳೆಯ ಆವೃತ್ತಿಗಳು ಒಳಗಿರುವ ಸಾಧ್ಯತೆ ಹೆಚ್ಚು. ಆದರೆ ಜಾಲತಾಣಗಳಲ್ಲಿ ಬೇಗ ತೆರೆದುಕೊಳ್ಳುವಂತೆ ಸಿದ್ಧಪಡಿಸಿದ ಪಿಡಿಎಫ್‌ನಲ್ಲಿ ಆರಂಭದಿಂದಲೇ ಎರಡು ಇರುತ್ತವೆ, ಆದ್ದರಿಂದ ಎರಡು ಕಂಡ ಮಾತ್ರಕ್ಕೆ ಗಾಬರಿ ಬೇಡ.

ನಾನು ಬಳಸಿದ ಪರಿಹಾರ qpdf ಎಂಬ ಉಚಿತ ತಂತ್ರಾಂಶ. ಅದಕ್ಕೆ ಟರ್ಮಿನಲ್‌ನಲ್ಲಿ ಕೊಟ್ಟ ಆದೇಶ ಇದು, ಮೊದಲನೆಯದು ಹಳೆಯ ಫೈಲು, ಎರಡನೆಯದು ಹೊಸದು:

```
qpdf karaaru.pdf hosa.pdf
```

ಕೊನೆಯ ಪಟ್ಟಿಯಿಂದ ತಲುಪಬಹುದಾದ ವಸ್ತುಗಳನ್ನಷ್ಟೇ ಇದು ಹೊಸ ಫೈಲಿಗೆ ಬರೆಯುತ್ತದೆ. ಗಾತ್ರ 93 ಕೆಬಿಗೆ ಇಳಿಯಿತು. ಇಳಿಯದೇ ಇದ್ದಿದ್ದರೆ ಆ ಪುಟಕ್ಕೆ ಯಾವುದೋ ಕೊಂಡಿ ಇನ್ನೂ ಉಳಿದಿದೆ ಎಂದು ಅನುಮಾನಿಸಬೇಕಾಗುತ್ತಿತ್ತು. ಕೆಲವು ತಂತ್ರಾಂಶಗಳ 'ಸೇವ್ ಆ್ಯಸ್' ಕೂಡ ಇದೇ ಕೆಲಸ ಮಾಡುತ್ತದೆ, ಆದರೂ ಗಾತ್ರ ನೋಡದೆ ನಂಬಬೇಡಿ.

ಡಿಜಿಟಲ್ ಸಹಿ ಹಾಕಿದ ಫೈಲಿಗೆ ಮಾತ್ರ ಹೀಗೆ ಮಾಡಬಾರದು. ಸಹಿ ಹಾಕಿದ ಭಾಗ ಕದಲದಿರಲೆಂದೇ ಅಲ್ಲಿ ಕೊನೆಗೆ ಸೇರಿಸುವ ಕ್ರಮವನ್ನು ಅನುಸರಿಸುತ್ತಾರೆ. ಪೂರ್ತಿ ಮರುಬರೆದರೆ ಸಹಿ ಅಸಿಂಧುವಾಗುತ್ತದೆ. ಅಂಥ ಕರಾರನ್ನು ಸಹಿಗೆ ಕಳುಹಿಸುವ ಮೊದಲೇ ಶುದ್ಧಗೊಳಿಸಿಕೊಳ್ಳಬೇಕು.